ಡ್ರಾ ಆದರೆ ಹಣ ಯಾರದು?

2022ರ ಡಿಸೆಂಬರ್ 18ರಂದು ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು. ಆದರೆ ಬುಕ್‌ಮೇಕರ್‌ಗಳ ಲೆಕ್ಕದಲ್ಲಿ ಆ ಫೈನಲ್ ಡ್ರಾ. ಮೊದಲಾರ್ಧದಲ್ಲಿ ಮೆಸ್ಸಿ, ಡಿ ಮರಿಯಾ ತಂದುಕೊಟ್ಟಿದ್ದ ಎರಡು ಗೋಲುಗಳ ಮುನ್ನಡೆಯನ್ನು ಫ್ರಾನ್ಸ್‌ನ ಎಂಬಾಪೆ 80 ಮತ್ತು 81ನೇ ನಿಮಿಷಗಳಲ್ಲಿ ಅಳಿಸಿಹಾಕಿದರು. 90 ನಿಮಿಷ ಮತ್ತು ರೆಫರಿ ಸೇರಿಸಿಕೊಟ್ಟ ಹೊತ್ತು ಮುಗಿದಾಗ ಇದ್ದದ್ದು 2–2. ಪಂದ್ಯದ ಮೇಲಿನ ಸಾಮಾನ್ಯ ಬೆಟ್‌ಗಳ ಇತ್ಯರ್ಥ ಅಲ್ಲಿಗೇ ಮುಗಿಯುತ್ತದೆ. ಆಮೇಲಿನ ಹೆಚ್ಚುವರಿ ಆಟವಾಗಲಿ, ಪೆನಾಲ್ಟಿ ಶೂಟೌಟ್ ಆಗಲಿ ಅದಕ್ಕೆ ಸೇರುವುದಿಲ್ಲ. ಕಪ್ ಯಾರಿಗೆ ಎಂಬುದಕ್ಕೆ ಬೇರೆಯದೇ ಬೆಟ್ ಇರುತ್ತದೆ.

ಹಾಗಾಗಿ ಆ ರಾತ್ರಿ ಅರ್ಜೆಂಟೀನಾದ ಮೇಲೆಯೇ ನಂಬಿಕೆ ಇಟ್ಟವರಿಗೂ ಮೂರು ಬೇರೆ ಬೇರೆ ಫಲ ಸಿಕ್ಕಿತು. ನೇರವಾಗಿ ‘ಅರ್ಜೆಂಟೀನಾ ಗೆಲುವು’ ಎಂದು ಪಣ ಕಟ್ಟಿದವರು ಅಷ್ಟೂ ಕಳೆದುಕೊಂಡರು. ‘ಡ್ರಾ ನೋ ಬೆಟ್’ನಲ್ಲಿ ಕಟ್ಟಿದವರಿಗೆ ಹಾಕಿದ ಹಣ ಹಾಗೇ ವಾಪಸ್ ಬಂತು. ಗೆಲುವು ಅಥವಾ ಡ್ರಾ ಎರಡನ್ನೂ ಒಳಗೊಂಡ ‘ಡಬಲ್ ಚಾನ್ಸ್’ ಹಿಡಿದವರು ಗೆದ್ದರು. ಪಂದ್ಯ ಒಂದೇ, ತಂಡ ಒಂದೇ. ಬೇರೆ ಇದ್ದದ್ದು ಡ್ರಾ ಆದಾಗ ಹಣಕ್ಕೆ ಏನಾಗಬೇಕು ಎಂಬ ಕರಾರು ಮಾತ್ರ. ಆ ಕರಾರಿಗೆ ಬೆಲೆ ಕಟ್ಟುವ ಬಗೆ ನಿಜಕ್ಕೂ ಸ್ವಾರಸ್ಯವಾದದ್ದು. ಬೆಟ್ ಕಟ್ಟುವ ಉದ್ದೇಶ ಇಲ್ಲದವರೂ ಅದನ್ನು ತಿಳಿದುಕೊಳ್ಳಬಹುದು. ಭಾರತದಲ್ಲಂತೂ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಇಲ್ಲಿ ಹೇಳುತ್ತಿರುವುದು ಇಂಥ ಬೆಟ್‌ಗೆ ಪರವಾನಗಿ ಇರುವ ಬ್ರಿಟನ್ನಿನಂಥ ಕಡೆಯ ಲೆಕ್ಕ.

ಸಮಬಲದ ಎರಡು ತಂಡಗಳ ಪಂದ್ಯವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡೂ ತಂಡಗಳ ಗೆಲುವಿಗೆ ತಲಾ 2.80 ದರ, ಡ್ರಾಗೆ 3.10. (ಇವು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ದರಗಳು, ಲುಸೈಲ್ ಪಂದ್ಯದ್ದಲ್ಲ.) 2.80 ಎಂದರೆ 100 ಪೌಂಡ್ ಕಟ್ಟಿ ಗೆದ್ದರೆ ಕಟ್ಟಿದ್ದೂ ಸೇರಿ 280 ಪೌಂಡ್ ಕೈಗೆ ಬರುತ್ತದೆ. ಒಂದನ್ನು ದರದಿಂದ ಭಾಗಿಸಿದರೆ ಆ ದರದ ಹಿಂದಿರುವ ಸಂಭವ ಸಿಗುತ್ತದೆ. ಗೆಲುವುಗಳಿಗೆ ಶೇ. 35.7ರಂತೆ, ಡ್ರಾಗೆ ಶೇ. 32.3. ಕೂಡಿದರೆ ನೂರಲ್ಲ, 103.7 ಬರುತ್ತದೆ. ಆ ಮೇಲಿನ 3.7 ಬುಕ್‌ಮೇಕರ್‌ನ ಪಾಲು. ಅದನ್ನು ಎಲ್ಲದರಿಂದಲೂ ಸಮನಾಗಿ ತೆಗೆದರೆ ಉಳಿಯುವುದು ಗೆಲುವಿಗೆ ಸುಮಾರು ಶೇ. 34.5, ಡ್ರಾಗೆ 31, ಸೋಲಿಗೆ 34.5.

ಈಗ ಡ್ರಾ ನೋ ಬೆಟ್. ಇದನ್ನು ಬುಕ್‌ಮೇಕರ್‌ನಿಂದಲೇ ಕೊಳ್ಳಬೇಕೆಂದೇನೂ ಇಲ್ಲ, ಮೇಲಿನ ಮೂರು ದರಗಳಿಂದ ನಾವೇ ಕಟ್ಟಿಕೊಳ್ಳಬಹುದು. 100 ಪೌಂಡ್‌ನಲ್ಲಿ 32.26 ಪೌಂಡನ್ನು ಡ್ರಾ ಮೇಲೆ ಹಾಕಿ. ಡ್ರಾ ಆದರೆ ಅದು 3.10 ಪಟ್ಟಾಗಿ ಸರಿಯಾಗಿ 100 ಆಗುತ್ತದೆ, ಅಂದರೆ ಹಾಕಿದ ಹಣ ವಾಪಸ್. ಉಳಿದ 67.74 ಪೌಂಡ್ ತಂಡದ ಗೆಲುವಿನ ಮೇಲೆ. ತಂಡ ಗೆದ್ದರೆ 2.80 ಪಟ್ಟು, ಸುಮಾರು 190 ಪೌಂಡ್. ಅಲ್ಲಿಗೆ ಡ್ರಾ ನೋ ಬೆಟ್‌ನ ದರ 1.90. ಗೆಲುವಿನ ದರ 2.80ರಿಂದ 1.90ಕ್ಕೆ ಇಳಿದದ್ದು ಏಕೆಂದರೆ ನಮ್ಮ ಹಣದ ಮೂರನೇ ಒಂದು ಪಾಲು ಡ್ರಾಗೆ ವಿಮೆಯ ಕಂತಾಗಿ ಹೋಗಿದೆ.

ಡಬಲ್ ಚಾನ್ಸ್‌ನಲ್ಲಿ ಹಣ ಹಂಚುವ ಗುರಿ ಬೇರೆ. ಗೆದ್ದರೂ ಡ್ರಾ ಆದರೂ ಒಂದೇ ಮೊತ್ತ ಬರಬೇಕು. 52.54 ಪೌಂಡ್ ಗೆಲುವಿಗೆ, 47.46 ಡ್ರಾಗೆ ಹಾಕಿದರೆ ಎರಡೂ ಕಡೆ 147 ಪೌಂಡ್ ಬರುತ್ತದೆ. ದರ 1.47. ಬೆಟ್ಟಿಂಗ್ ಪರದೆಯಲ್ಲಿ ಇದನ್ನು 1X ಎಂದು ಬರೆದಿರುತ್ತಾರೆ. 1 ಎಂದರೆ ಆತಿಥೇಯ ತಂಡ, X ಎಂದರೆ ಡ್ರಾ, 2 ಎಂದರೆ ಎದುರಾಳಿ. ಇದೇ ರೀತಿ X2 ಇದೆ. ಯಾವ ತಂಡವಾದರೂ ಸರಿ, ಡ್ರಾ ಮಾತ್ರ ಆಗಬಾರದು ಎನ್ನುವವರಿಗೆ 12 ಇದೆ.

ಮೂರರಲ್ಲಿ ಯಾವುದು ಲಾಭ ಎಂದು ಕೇಳುವವರೇ ಹೆಚ್ಚು. ಇದೇ ದರಗಳಲ್ಲಿ ಉತ್ತರ ಒಂದೇ: ಯಾವುದೂ ಇನ್ನೊಂದಕ್ಕಿಂತ ಮೇಲಲ್ಲ. ನೇರ ಗೆಲುವಿನ ಬೆಟ್‌ನಲ್ಲಿ 100 ಪೌಂಡ್‌ಗೆ ಸರಾಸರಿ ವಾಪಸಾತಿ ಸುಮಾರು 96 ಪೌಂಡ್ 45 ಪೆನ್ಸ್. ನಾವೇ ಕಟ್ಟಿಕೊಂಡ ಡ್ರಾ ನೋ ಬೆಟ್‌ನಲ್ಲೂ ಅಷ್ಟೇ, ಡಬಲ್ ಚಾನ್ಸ್‌ನಲ್ಲೂ ಅಷ್ಟೇ. ಬದಲಾಗುವುದು ಏರಿಳಿತ. ಒಂದರಲ್ಲಿ ಅಪರೂಪಕ್ಕೆ ದೊಡ್ಡ ಮೊತ್ತ, ಇನ್ನೊಂದರಲ್ಲಿ ಆಗಾಗ ಸಣ್ಣ ಮೊತ್ತ. ಡಬಲ್ ಚಾನ್ಸನ್ನು ‘ಸೇಫ್’ ಎಂದು ಕರೆಯುವವರು ಸೋಲುವ ಸರದಿ ಕಡಿಮೆ ಎಂಬುದನ್ನು ಸರಿಯಾಗಿಯೇ ಗಮನಿಸಿದ್ದಾರೆ. ಸೋತ ಒಂದು ಸಲದ 100 ಪೌಂಡ್ ತುಂಬಿಕೊಳ್ಳಲು 47ರಂತೆ ಎರಡು ಗೆಲುವೂ ಸಾಲದು ಎಂಬುದನ್ನು ಮರೆಯುತ್ತಾರೆ.

ಎರಡು ಮಾರುಕಟ್ಟೆಗಳ ನಿಜವಾದ ವ್ಯತ್ಯಾಸ ಕಾಣುವುದು ಡ್ರಾದ ಸಂಭವವೇ ಅಲುಗಾಡಿದಾಗ. 2004ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಗುಂಪಿನ ಕೊನೆಯ ಪಂದ್ಯಕ್ಕೆ ಇಳಿದಾಗ 2–2 ಅಥವಾ ಅದಕ್ಕಿಂತ ಹೆಚ್ಚು ಗೋಲಿನ ಡ್ರಾ ಆದರೆ ಇಟಲಿ ಏನೇ ಮಾಡಿದರೂ ಇವೆರಡೂ ಮುಂದಕ್ಕೆ ಹೋಗುವಂತಿತ್ತು. ಪಂದ್ಯದ ಕೊನೆ ಹೊತ್ತಿಗೆ ಸ್ವೀಡನ್‌ನ ಯಾನ್ಸನ್ ಗೋಲು ಹೊಡೆದು 2–2 ಆಯಿತು, ಬಲ್ಗೇರಿಯಾವನ್ನು ಸೋಲಿಸಿದರೂ ಇಟಲಿ ಮನೆಗೆ ಹೋಯಿತು.

ಇಂಥ ಪಂದ್ಯಕ್ಕೆ ದರ ಹೇಗೆ ಕಟ್ಟುತ್ತಾರೆ? ಬುಕ್‌ಮೇಕರ್‌ನ ಪಾಲು ಬಿಟ್ಟು ನೋಡೋಣ. ಮಾಮೂಲಿ ದಿನ ಗೆಲುವು 37, ಡ್ರಾ 26, ಸೋಲು 37 ಎಂದಿರಲಿ. ಇಬ್ಬರಿಗೂ ಡ್ರಾ ಅನುಕೂಲ ಎಂದಾದಾಗ 25, 50, 25 ಆಯಿತು ಎನ್ನೋಣ. ನೇರ ಗೆಲುವಿನ ದರ 2.70ರಿಂದ 4.00ಕ್ಕೆ ಹಾರುತ್ತದೆ. 1X ದರ 1.59ರಿಂದ 1.33ಕ್ಕೆ ಕುಸಿಯುತ್ತದೆ. 12ರ ದರ 1.35ರಿಂದ 2.00ಕ್ಕೆ ಏರುತ್ತದೆ. ಡ್ರಾ ನೋ ಬೆಟ್ ಮಾತ್ರ 2.00ದಲ್ಲೇ ನಿಂತಿರುತ್ತದೆ! ಡ್ರಾ ಆದರೆ ಹಣ ವಾಪಸ್ ಎಂದಮೇಲೆ ಆ ದರ ನೋಡುವುದು ಗೆಲುವು–ಸೋಲುಗಳ ನಡುವಿನ ಅನುಪಾತವನ್ನಷ್ಟೇ. ಆದ್ದರಿಂದ ಎರಡು ತಂಡಗಳಲ್ಲಿ ಯಾವುದು ಬಲಶಾಲಿ ಎಂದು ಮಾರುಕಟ್ಟೆ ನಂಬಿದೆ ಎಂಬುದನ್ನು ತಿಳಿಯಲು ನೇರ ಗೆಲುವಿನ ದರಕ್ಕಿಂತ ಡ್ರಾ ನೋ ಬೆಟ್ ದರವನ್ನೇ ನಾನು ಮೊದಲು ನೋಡುತ್ತೇನೆ.

ಬುಕ್‌ಮೇಕರ್ ಸಿದ್ಧವಾಗಿ ಕೊಡುವ ದರಗಳು ನಾವು ಕಟ್ಟಿಕೊಂಡದ್ದಕ್ಕೆ ಸರಿಹೊಂದಲೇಬೇಕೆಂದಿಲ್ಲ. ಅದನ್ನು ಪತ್ತೆ ಮಾಡುವುದು ಸುಲಭ. ಡಬಲ್ ಚಾನ್ಸ್‌ನಲ್ಲಿ ಪ್ರತಿ ಫಲಿತಾಂಶವೂ ಎರಡು ಬೆಟ್‌ಗಳನ್ನು ಗೆಲ್ಲಿಸುತ್ತದೆ. ಹಾಗಾಗಿ ಮೂರು ಸಂಭವಗಳ ಮೊತ್ತ ನೂರರ ಬದಲು ಇನ್ನೂರು ಇರಬೇಕು. ನಮ್ಮ ಉದಾಹರಣೆಯ ಪಂದ್ಯಕ್ಕೆ 1X 1.44, 12 1.36, X2 1.44 ಎಂದು ಕೊಟ್ಟಿದ್ದರೆ ಮೊತ್ತ 212.4 ಆಗುತ್ತದೆ, ಅರ್ಧ ಮಾಡಿದರೆ 106.2. ಅಂದರೆ 3.7 ಇದ್ದ ಪಾಲು ಇಲ್ಲಿ 6.2 ಆಗಿದೆ. ಡ್ರಾ ನೋ ಬೆಟ್‌ಗೆ 1.85 ಕೊಟ್ಟಿದ್ದರೆ ನಾವೇ ಕಟ್ಟಿದ 1.90 ಮೇಲು, 1.95 ಕೊಟ್ಟಿದ್ದರೆ ಅವರದೇ ಮೇಲು.

ಕೈಯಾರೆ ಕಟ್ಟುವುದಕ್ಕೂ ಮಿತಿ ಇದೆ. ಗೆಲುವಿನ ದರ ಒಂದು ಕಡೆ, ಡ್ರಾದ ದರ ಇನ್ನೊಂದು ಕಡೆ ಚೆನ್ನಾಗಿದ್ದರೆ ಎರಡು ಕಡೆ ಹಂಚಿ ಹಾಕಬಹುದು. ಆದರೆ ಮೊದಲ ಬೆಟ್ ಹಾಕಿ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಡ್ರಾದ ದರ 3.10ರಿಂದ 2.90ಕ್ಕೆ ಇಳಿದಿದ್ದರೆ, ಅದೇ 32.26 ಪೌಂಡ್‌ಗೆ ಡ್ರಾ ಆದಾಗ ಬರುವುದು 93 ಪೌಂಡ್ 55 ಪೆನ್ಸ್ ಮಾತ್ರ.