‘ಕ್ಷಮಿಸಿ ಸರ್’ ಎಂದು ಶುರುವಾದ ಪತ್ರ

ಅಣ್ಣನ ಮಗಳು ತನ್ನ ಮ್ಯಾನೇಜರಿಗೆ ಬರೆದ ಪತ್ರದ ಕರಡನ್ನು ನನಗೆ ಕಳಿಸಿದ್ದಳು. ಮೊದಲ ಸಾಲೇ ‘ಕ್ಷಮಿಸಿ ಸರ್’. ಬಸುರಿಯಾದದ್ದಕ್ಕೆ ಕ್ಷಮೆ! ಕೊನೆಯಲ್ಲಿ, ‘ಅಕ್ಟೋಬರ್ ಹೊತ್ತಿಗೆ ಕೆಲವು ತಿಂಗಳು ರಜೆ ದಯಪಾಲಿಸಬೇಕು’. ವರ್ಷಗಟ್ಟಲೆ ಎಚ್‌ಆರ್ ವಿಭಾಗದಲ್ಲಿ ಇಂಥ ಪತ್ರಗಳನ್ನೇ ಓದಿದವಳು ನಾನು. ಕೂಡಲೇ ಫೋನ್ ಮಾಡಿದೆ.

“ಇದರಲ್ಲಿ ಬೇಕಾದದ್ದು ಒಂದೂ ಇಲ್ಲ ಕಣೇ.”

“ಮತ್ತೇನ್ ಬರೀಲಿ ಅತ್ತೆ?”

ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳಬಾರದೆಂಬ ಮನೆಯವರ ಮಾತನ್ನು ಅವಳು ಪಾಲಿಸಿದ್ದಳು. ಅದರಿಂದ ತೊಂದರೆಯೇನಿಲ್ಲ, ಇಷ್ಟನೇ ವಾರದೊಳಗೆ ಹೇಳಲೇಬೇಕೆಂದು ಕಾನೂನು ಕೇಳುವುದಿಲ್ಲ. ಕೇಳುವುದು ಲಿಖಿತ ನೋಟಿಸನ್ನು. ಅದರಲ್ಲಿ ಮೂರು ಮಾತಿರಬೇಕು: ಯಾವ ದಿನದಿಂದ ಗೈರುಹಾಜರಾಗುತ್ತೇನೆ, ಹೆರಿಗೆ ಸೌಲಭ್ಯದ ಹಣ ಯಾರಿಗೆ ಸಲ್ಲಬೇಕು, ರಜೆಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಈ ನಿಯಮ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ನಾನು ಓದಿದ ಬಹುಪಾಲು ಪತ್ರಗಳಲ್ಲಿ ಕೊನೆಯ ಎರಡು ಇರುತ್ತಲೇ ಇರಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ತಾರೀಖು. ಕೊನೆಯ ಮುಟ್ಟಿನ ಮೊದಲ ದಿನ 2026ರ ಫೆಬ್ರುವರಿ 8. ಅಲ್ಲಿಂದ 280 ದಿನ ಎಣಿಸಿ ಡಾಕ್ಟರು ಬರೆದ ಹೆರಿಗೆಯ ದಿನ ನವೆಂಬರ್ 15. ಮೊದಲ ಎರಡು ಮಕ್ಕಳಿಗೆ ಸಿಗುವ ರಜೆ 26 ವಾರ, ಅಂದರೆ 182 ದಿನ. ಇದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಎಂಟೂ ವಾರ ಬಳಸಿದರೆ ಸೆಪ್ಟೆಂಬರ್ 21ರ ಸೋಮವಾರ ರಜೆ ಶುರುವಾಗಿ ಮಾರ್ಚ್ 21ಕ್ಕೆ ಮುಗಿಯುತ್ತದೆ. ಆಗ ಮಗುವಿಗೆ ನಾಲ್ಕು ತಿಂಗಳು ತುಂಬಿರುತ್ತದಷ್ಟೆ. ಮುಂಚೆ ಖರ್ಚಾದ ಪ್ರತಿ ವಾರವೂ ಬಾಣಂತನದ ಲೆಕ್ಕದಿಂದಲೇ ಕಳೆಯುತ್ತದೆ. ಇದು ಅವಳಿಗೆ ಹೊಳೆದೇ ಇರಲಿಲ್ಲ.

ಅತ್ತಿಗೆಗೆ ಮಗಳು ಆದಷ್ಟು ಬೇಗ ತವರಿಗೆ ಬರಲೆಂಬ ಆಸೆ. ಬೆಂಗಳೂರಿನಿಂದ ತೀರ್ಥಹಳ್ಳಿಗೆ ಒಂಬತ್ತು ತುಂಬಿದ ಮೇಲೆ ಪ್ರಯಾಣ ಬೇಡವೆಂಬ ಚಿಂತೆಯೂ ಸರಿಯೇ. ಕೊನೆಗೆ ಒಪ್ಪಂದವಾದದ್ದು ಅಕ್ಟೋಬರ್ 19ರ ಸೋಮವಾರಕ್ಕೆ, ಹೆರಿಗೆಗೆ ನಾಲ್ಕು ವಾರ ಮುಂಚೆ. ಅದಕ್ಕೂ ಮೊದಲೇ ಹೋಗಬೇಕಾದರೆ ಮನೆಯಿಂದ ಕೆಲಸ ಮಾಡುವ ಅನುಮತಿಯನ್ನು ಬೇರೆಯಾಗಿ ಕೇಳಿಕೊಳ್ಳುವುದೆಂದಾಯಿತು.

ಮೇ 18ರಂದು ಮ್ಯಾನೇಜರಿಗೆ ಮೊದಲು ಮುಖತಃ ಹೇಳಿ, ಅದೇ ಸಂಜೆ ಎಚ್‌ಆರ್‌ಗೂ ಪ್ರತಿ ಹಾಕಿ ಅವಳು ಕಳಿಸಿದ್ದು ಇಷ್ಟು:

“ಸರ್, ಬೆಳಿಗ್ಗೆ ತಿಳಿಸಿದಂತೆ ನಾನು ಗರ್ಭಿಣಿ. ವೈದ್ಯರು ಕೊಟ್ಟಿರುವ ಹೆರಿಗೆಯ ದಿನಾಂಕ 15 ನವೆಂಬರ್ 2026, ಪ್ರಮಾಣಪತ್ರ ಲಗತ್ತಿಸಿದ್ದೇನೆ. 19 ಅಕ್ಟೋಬರ್ 2026ರಿಂದ 18 ಏಪ್ರಿಲ್ 2027ರವರೆಗೆ 26 ವಾರಗಳ ಹೆರಿಗೆ ರಜೆಯಲ್ಲಿರುತ್ತೇನೆ. ಹೆರಿಗೆ ಮೊದಲೇ ಆದರೆ ಆ ದಿನದಿಂದಲೇ ರಜೆ ಆರಂಭವೆಂದು ಪರಿಗಣಿಸಿ. ಸೌಲಭ್ಯದ ಹಣವನ್ನು ನನಗೆ, ಅಥವಾ ನಾನು ನಾಮನಿರ್ದೇಶನ ಮಾಡಿರುವ ನನ್ನ ಪತಿಗೆ ಪಾವತಿಸಬೇಕು. ಈ ಅವಧಿಯಲ್ಲಿ ಬೇರೆ ಯಾವ ಸಂಸ್ಥೆಯಲ್ಲೂ ಕೆಲಸ ಮಾಡುವುದಿಲ್ಲ. ನನ್ನ ಕೆಲಸಗಳನ್ನು ಸೆಪ್ಟೆಂಬರ್‌ನಲ್ಲಿ ಯಾರಿಗೆ ವಹಿಸಬೇಕೆಂದು ಮಾತಾಡೋಣ. ಪತ್ರ ತಲುಪಿದ್ದನ್ನು ದಯವಿಟ್ಟು ಖಚಿತಪಡಿಸಿ.”

‘ಹೆರಿಗೆ ಮೊದಲೇ ಆದರೆ’ ಎಂಬ ಸಾಲಿಗೆ ಅವಳು ಮುಖ ಹುಳ್ಳಗೆ ಮಾಡಿದಳು, ಅಪಶಕುನ ಅಂತ. ಆದರೆ ಮಗು ಅಕ್ಟೋಬರ್ 5ಕ್ಕೇ ಹುಟ್ಟಿತು ಅಂದುಕೊಳ್ಳಿ. ಆ ಸಾಲಿಲ್ಲದಿದ್ದರೆ ಮೊದಲ ಎರಡು ವಾರವನ್ನು ಕಾಯಿಲೆ ರಜೆಗೋ ಸಂಬಳವಿಲ್ಲದ ರಜೆಗೋ ಹಾಕುವ ಗುಮಾಸ್ತರನ್ನು ನಾನು ಕಂಡಿದ್ದೇನೆ. ಇದ್ದರೆ 182 ದಿನ ಅಂದಿನಿಂದಲೇ ಓಡಿ ಏಪ್ರಿಲ್ 4ಕ್ಕೆ ಮುಗಿಯುತ್ತದೆ.

ಹಣದ ಲೆಕ್ಕದಲ್ಲಿ ಭಾನುವಾರಗಳೂ ಸೇರುತ್ತವೆ. ರಜೆ 12 ವಾರವಿದ್ದ ಕಾಲದಲ್ಲಿ ತೋಟದ ಕೆಲಸಗಾರ್ತಿಯೊಬ್ಬಳಿಗೆ ಮಾಲೀಕರು ವಾರಕ್ಕೆ ಆರರಂತೆ 72 ದಿನದ ಕೂಲಿ ಕೊಟ್ಟಿದ್ದರು. ಆಕೆ 84 ದಿನದ್ದನ್ನು ಕೇಳಿದಳು. ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಹೊರಟ ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1977ರಲ್ಲಿ ಆಕೆಯೇ ಗೆದ್ದಳು.

ಎಲ್ಲರ ಪತ್ರವೂ ಹೀಗೇ ಇರಲಾರದು. ಆಗಲೇ ಎರಡು ಮಕ್ಕಳಿದ್ದರೆ ರಜೆ 12 ವಾರ, ಅದರಲ್ಲಿ ಮುಂಚಿನದು ಆರು. ಹೆರಿಗೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಆ ಕಚೇರಿಯಲ್ಲಿ 80 ದಿನವಾದರೂ ದುಡಿದಿರಬೇಕು. ಇಎಸ್‌ಐ ಇರುವವರಿಗೆ ಹಣ ಬರುವುದು ಅಲ್ಲಿಂದ, ಅರ್ಜಿಯೂ ಬೇರೆ.

ಮ್ಯಾನೇಜರ್ ಬೆಳಿಗ್ಗೆಯೇ “ಆಯ್ತಮ್ಮ, ಕಂಗ್ರಾಟ್ಸ್” ಅಂದಿದ್ದರಂತೆ. ಪತ್ರ ತಲುಪಿತೆಂಬ ಉತ್ತರ ಮಾತ್ರ ಎರಡು ಸಲ ನೆನಪಿಸಿದ ಮೇಲೆ ಬಂತು. ಅದನ್ನು ಸ್ಕ್ಯಾನಿಂಗ್ ರಿಪೋರ್ಟಿನ ಫೈಲಿನಲ್ಲೇ ಇಟ್ಟುಕೊಂಡಿದ್ದಾಳೆ.