ಗಾಳಿಗೂ ಬಾಡಿಗೆ ಕೊಡುವ ಮೇಣದಬತ್ತಿ

ಧಾರವಾಡದ ಆ ಮನೆಗೆ ನಾನು ಹೋಗಿದ್ದು ಮೇಣ ಎರೆಯುವುದನ್ನು ನೋಡಲು. ಆದರೆ ಮನಸ್ಸು ಸಿಕ್ಕಿಬಿದ್ದದ್ದು ರಟ್ಟಿನ ಡಬ್ಬಿಗಳಲ್ಲಿ. ಇನ್‌ಸ್ಟಾಗ್ರಾಂ ಪುಟದಲ್ಲಿ ಸುಗಂಧದ ಮೇಣದಬತ್ತಿ ಮಾರುವ ಮನೆಯೊಡತಿ ಟೇಪು ಹಿಡಿದು ಡಬ್ಬಿ ಅಳೆಯುತ್ತಿದ್ದರು. ‘ಒಳಗ ಬರೇ ಗಾಳಿ ತುಂಬಿ ಕಳಿಸಿದ್ರ ಆ ಗಾಳಿಗೂ ರೊಕ್ಕ ಕೊಡಬೇಕ್ರಿ’ ಎಂದರು.

ತಮಾಷೆಯ ಮಾತಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಕೊರಿಯರ್‌ನವರ ಸಾಮಾನ್ಯ ಲೆಕ್ಕ. ಬಂದ ಕಿಲೋ ತಕ್ಕಡಿಯ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. ಇವರ ಮೇಣದಬತ್ತಿಯಲ್ಲಿ ಮೇಣ 150 ಗ್ರಾಂ, ಗಾಜು 200, ರಟ್ಟು–ಕಾಗದ 90. ಒಟ್ಟು 440 ಗ್ರಾಂ. ಮೊದಲಿನ ಡಬ್ಬಿ ಮೂರೂ ಕಡೆ 16 ಸೆಂ.ಮೀ. ಇತ್ತು. ಅದರ ಲೆಕ್ಕ 819 ಗ್ರಾಂ ಆಗುತ್ತಿತ್ತು, ಅರ್ಧ ಕಿಲೋ ಮೆಟ್ಟಿಲಿನ ದರಪಟ್ಟಿಯಲ್ಲಿ ಅದು ಒಂದು ಕಿಲೋ. ಈಗಿನದು 12, 12, 14 ಸೆಂ.ಮೀ. ಲೆಕ್ಕ 403 ಗ್ರಾಂಗೆ ಇಳಿದು, ಅರ್ಧ ಕಿಲೋ ದರಕ್ಕೇ ಹೋಗುತ್ತದೆ. 8 ಸೆಂ.ಮೀ. ಅಗಲದ ಗಾಜಿನ ಸುತ್ತ ಮುದುಡಿದ ಕಾಗದಕ್ಕೆ ಎರಡೆರಡು ಸೆಂ.ಮೀ. ಜಾಗ ಉಳಿಯುತ್ತದೆ. ಅಂಟಿಸಿದ ಮೇಲೆ ಕಿವಿಯ ಹತ್ತಿರ ಅಲುಗಾಡಿಸುತ್ತಾರೆ. ಸಣ್ಣ ಸದ್ದು ಬಂದರೂ ಬಿಚ್ಚಿ ಮತ್ತೆ ಕಾಗದ ತುರುಕುತ್ತಾರೆ.

ಆರ್ಡರ್ ಬರೆದುಕೊಳ್ಳುವುದು ಮಾತ್ರ ಹಳೆಯ ಗೆರೆಪುಸ್ತಕದಲ್ಲಿ. ಹಣ ಕಳಿಸಿದ ಸ್ಕ್ರೀನ್‌ಶಾಟನ್ನು ಇವರು ನಂಬುವುದಿಲ್ಲ, ಖಾತೆಗೆ ಬಂದದ್ದನ್ನು ನೋಡಿಯೇ ಟಿಕ್ ಹಾಕುವುದು. ಡಬ್ಬಿ ಮನೆ ಬಾಗಿಲಿಗೆ ಬಂದಾಗ ಹಣ ಕೊಡುವ ವ್ಯವಸ್ಥೆ ಇಲ್ಲವೇ ಇಲ್ಲ. ಗಿರಾಕಿ ಬೇಡವೆಂದರೆ ಹೋಗುವ, ಬರುವ ಎರಡೂ ಬಾಡಿಗೆ ಇವರ ತಲೆಗೇ. ಮಾರಾಟ ಕಡಿಮೆಯಾದೀತು, ಆದರೂ ನನಗೆ ಇದೇ ಜಾಣತನವೆನಿಸಿತು.

ಇನ್ನು ಬಿಸಿಲು. ಇವರು ಎರೆಯುವ ಸೋಯಾ ಮೇಣ, ಮನೆಯಲ್ಲೇ ಮೇಣದಬತ್ತಿ ಮಾಡುವವರ ಕೈಗೆ ಬಂದದ್ದು 1990ರ ದಶಕದ ಅಮೆರಿಕದಿಂದ. ಇಂಥ ಇನ್‌ಸ್ಟಾಗ್ರಾಂ ಪುಟಗಳಲ್ಲಿ ಅದನ್ನು ಹೊಗಳುವ ಭರಾಟೆ ನನಗೆ ಅತಿಯೆನಿಸುತ್ತದೆ, ಏಕೆಂದರೆ ನಮ್ಮ ಏಪ್ರಿಲ್ ಅದಕ್ಕೆ ಹೊಂದುವುದಿಲ್ಲ. ಲೋಟಕ್ಕೆ ಎರೆಯುವ ಸೋಯಾ ಮೇಣ 50 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಬಿಸಿಲಿಗೆ ನಿಂತ ಮುಚ್ಚಿದ ವ್ಯಾನಿನೊಳಗೆ ಅಷ್ಟು ಕಾವು ಏರುವುದು ಕಷ್ಟವಲ್ಲ. ಹಾಗಾಗಿ ಬೇಸಿಗೆಯಲ್ಲಿ ಇವರು ಸೋಮವಾರದಿಂದ ಬುಧವಾರದೊಳಗೆ ಮಾತ್ರ ಡಬ್ಬಿ ಕಳಿಸುತ್ತಾರೆ. ವಾರದ ಕೊನೆಗೆ ಕಳಿಸಿದ್ದು ಭಾನುವಾರವೆಲ್ಲ ತಗಡಿನ ಗೋದಾಮಿನಲ್ಲಿ ಬೇಯುತ್ತದೆ. ದಾರಿಯಲ್ಲಿ ಕರಗಿದ್ದನ್ನು ಮೇಣದ ಮೈಯೇ ಹೇಳುತ್ತದೆ: ಡಬ್ಬಿ ಅಡ್ಡ ಬಿದ್ದಿದ್ದರೆ ಮೇಲ್ಮೈ ಇಳಿಜಾರಾಗಿ ಗಟ್ಟಿಯಾಗಿರುತ್ತದೆ, ಬತ್ತಿ ಒಂದು ಕಡೆ ವಾಲಿರುತ್ತದೆ.

ಬೇಸಿಗೆಯಲ್ಲಿ ತರಿಸಿದ ಡಬ್ಬಿ ಕೈಗೆ ಬಿಸಿಯಾಗಿ ತಾಕಿದರೆ ತಕ್ಷಣ ಬಿಚ್ಚಬೇಡಿ. ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಪೂರ್ತಿ ತಣಿದ ಮೇಲೆ ಬಿಚ್ಚಿ. ಗಾಜು ಒಡೆದಿದ್ದರೆ ಕೇಳಲು ಆಧಾರ ಬೇಕಾಗುತ್ತದೆ, ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ.